ಮಾಲೆಯ ಮಣಿ ಎಣಿಸುವಾಗ ಹುಟ್ಟುವ ಪ್ರಶ್ನೆಗಳು

ಪ್ರಶ್ನೆ: ನಾನು 6 ಮತ್ತು 7ನೇ ತರಗತಿಯ ಮಕ್ಕಳಿಗೆ ವಿವಿಧ ಧರ್ಮಗಳ ಪರಿಚಯದ ಪಾಠ ಮಾಡುತ್ತೇನೆ. ಜಪಮಾಲೆ, ದೀಪ, ಪವಿತ್ರ ಗ್ರಂಥದ ಸುರುಳಿಯಂತಹ ವಸ್ತುಗಳನ್ನು ತರಗತಿಗೆ ಒಯ್ಯುತ್ತೇನೆ. ಮಕ್ಕಳು ಐದು ನಿಮಿಷ ಕುತೂಹಲದಿಂದ ನೋಡಿ, “ಇದೇನು?” ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ, ಅಲ್ಲಿಗೆ ಮುಗಿಯಿತು. ಇದರಿಂದ ಅನ್ವೇಷಣಾ ಕೌಶಲವನ್ನು ನಿಜವಾಗಿ ಕಲಿಸುವುದು ಹೇಗೆ?

ಉತ್ತರ: ತೊಡಕು ಇರುವುದು “ಇದೇನು?” ಎಂಬ ಆ ಪ್ರಶ್ನೆಯಲ್ಲಿಯೇ. ಅದಕ್ಕೆ ಒಂದೇ ಪದದ ಉತ್ತರವಿದೆ, ಆ ಪದ ನಿಮ್ಮ ಬಳಿ ಮಾತ್ರ ಇದೆ, ಆದ್ದರಿಂದ ಅದನ್ನು ನೀವು ಹೇಳಿದ ಕ್ಷಣವೇ ವಸ್ತು ತನ್ನ ಕೆಲಸ ಮುಗಿಸಿದಂತೆ ಮಕ್ಕಳಿಗೆ ಅನ್ನಿಸುತ್ತದೆ. ಬಟ್ಟೆಯ ಚೀಲದೊಳಗೆ ವಸ್ತುವನ್ನು ಇಟ್ಟು ಮುಟ್ಟಿ ಊಹಿಸುವಂತೆ ಹೇಳುವ ರೂಢಿಯೂ ಬಹಳ ಕಡೆ ಇದೆ. ಅದು ಒಗಟಿನ ಆಟ, ಮೋಜೂ ಹೌದು, ಆದರೆ ಒಗಟು ಬಿಡಿಸಿದ ಮೇಲೆ ಕೇಳಲು ಏನೂ ಉಳಿಯುವುದಿಲ್ಲ. ಹೀಗಾಗಿ ನನ್ನ ಮೊದಲ ಸಲಹೆ ಸ್ವಲ್ಪ ವಿಚಿತ್ರವಾಗಿ ಕಾಣಬಹುದು: ವಸ್ತುವಿನ ಹೆಸರನ್ನೂ ಅದು ಯಾವ ಧರ್ಮದವರದು ಎಂಬುದನ್ನೂ ಪಾಠದ ಆರಂಭದಲ್ಲಿಯೇ ಕಪ್ಪುಹಲಗೆಯ ಮೇಲೆ ಬರೆದುಬಿಡಿ. “ಇದು ಮುಸ್ಲಿಮರಲ್ಲಿ ಅನೇಕರು ದೇವರ ಸ್ಮರಣೆಗೆ ಬಳಸುವ ಮಾಲೆ. ಇದನ್ನು ತಸ್ಬೀಹ್ ಅಥವಾ ಮಿಸ್ಬಹ ಎನ್ನುತ್ತಾರೆ.” ಅದರ ಕೆಳಗೆ ಆ ದಿನದ ಪ್ರಶ್ನೆಯನ್ನು ಬರೆಯಿರಿ: “ಇದನ್ನು ಹೇಗೆ ಬಳಸುತ್ತಾರೆ ಎಂಬುದನ್ನು ಈ ಮಾಲೆಯೇ ಎಷ್ಟರ ಮಟ್ಟಿಗೆ ಹೇಳಬಲ್ಲದು, ಎಲ್ಲಿಂದ ಮುಂದೆ ನಾವು ಬೇರೆಯವರನ್ನು ಕೇಳಬೇಕಾಗುತ್ತದೆ?”

ಮಾಲೆ, ದೀಪ, ಸುರುಳಿ ಮೂರನ್ನೂ ಒಂದೇ ಅವಧಿಯಲ್ಲಿ ಮೇಜಿನ ಮೇಲೆ ಹರಡಬೇಡಿ. ಮೊದಲ ಪಾಠಕ್ಕೆ 99 ಮಣಿಗಳ ತಸ್ಬೀಹ್ ಒಂದೇ ಸಾಕು. ನಾಲ್ಕೈದು ಮಕ್ಕಳ ಗುಂಪಿಗೆ ಒಂದರಂತೆ ಸಿಕ್ಕರೆ ಒಳ್ಳೆಯದು. ಅದನ್ನೇ ಆರಿಸಲು ಕಾರಣವಿದೆ: ಅದರ ರಚನೆ ಎಣಿಕೆಗೆ ಸಿಗುವಷ್ಟು ಸ್ಪಷ್ಟವಾಗಿದೆ, ಆದರೂ ಎಣಿಕೆಯೊಂದರಿಂದಲೇ ಉತ್ತರ ಸಿಗದಷ್ಟು ಗೂಢವಾಗಿದೆ.

ಮೊದಲ ಹತ್ತು ನಿಮಿಷ ಮಕ್ಕಳು ಎಣಿಸಲಿ. ಇಲ್ಲಿಯೇ ಮೊದಲ ಜಗಳ ಹುಟ್ಟುತ್ತದೆ. ಒಂದು ಗುಂಪು 99 ಎನ್ನುತ್ತದೆ, ಇನ್ನೊಂದು 101 ಎನ್ನುತ್ತದೆ, ಮೂರನೆಯದು 102 ಎಂದು ಹಟ ಹಿಡಿಯುತ್ತದೆ. ಯಾರೂ ತಪ್ಪು ಎಣಿಸಿರುವುದಿಲ್ಲ. 33 ಮಣಿಗಳ ಮೂರು ಭಾಗಗಳ ನಡುವೆ ಆಕಾರದಲ್ಲಿ ಬೇರೆಯಾದ ಎರಡು ಬಿಲ್ಲೆಗಳಿರುತ್ತವೆ, ದಾರದ ಎರಡು ತುದಿ ಸೇರುವಲ್ಲಿ ಉದ್ದನೆಯ ಒಂದು ತುಂಡು ಇರುತ್ತದೆ, ಅದರ ಕೆಳಗೆ ಕುಚ್ಚು. ಬಿಲ್ಲೆಗಳನ್ನು ಲೆಕ್ಕಕ್ಕೆ ಹಿಡಿದವರಿಗೆ 101, ಉದ್ದನೆಯ ತುಂಡನ್ನೂ ಸೇರಿಸಿದವರಿಗೆ 102. ನಾನು ಪಾಠ ಹೇಳಲು ತೊಡಗಿದ ಹೊಸದರಲ್ಲಿ ಈ ಜಗಳವನ್ನು ಕೇಳಲಾರದೆ “ಸರಿಯಾದ ಉತ್ತರ 99” ಎಂದು ಹೇಳಿ ಎಲ್ಲರನ್ನೂ ಸುಮ್ಮನಾಗಿಸಿದ್ದೆ. ಆ ಅವಧಿಯಲ್ಲಿ ಕಲಿಯಬಹುದಾಗಿದ್ದ ಅತ್ಯುತ್ತಮ ಸಂಗತಿಯನ್ನು ನಾನೇ ಕೈಯಾರೆ ಹಾಳುಮಾಡಿದೆ ಎಂಬುದು ಬಹಳ ದಿನಗಳ ನಂತರ ಹೊಳೆಯಿತು. ಆ ಹೊತ್ತಿನಲ್ಲಿ ಕೇಳಬೇಕಾದದ್ದು ಬೇರೆಯೇ: “ಮಣಿ ಎಂದು ಯಾವುದನ್ನು ಕರೆಯುತ್ತೀರಿ? ಒಂದು ವಾಕ್ಯದಲ್ಲಿ ಬರೆಯಿರಿ, ಆಮೇಲೆ ಮತ್ತೆ ಎಣಿಸಿ.” “ದಾರದಲ್ಲಿ ಪೋಣಿಸಿದ್ದೆಲ್ಲ ಮಣಿ” ಎಂದು ಬರೆದವರಿಗೂ “ಒಂದೇ ಆಕಾರದ ದುಂಡನೆಯದು ಮಾತ್ರ ಮಣಿ” ಎಂದು ಬರೆದವರಿಗೂ ಎರಡು ಬೇರೆ ಸಂಖ್ಯೆ ಬರುತ್ತದೆ, ಎರಡೂ ತಮ್ಮ ತಮ್ಮ ವ್ಯಾಖ್ಯೆಗೆ ಸರಿಯಾಗಿಯೇ ಇರುತ್ತವೆ. ಎಣಿಕೆಗೂ ಮೊದಲು ವ್ಯಾಖ್ಯೆ ಬೇಕು ಎಂಬುದನ್ನು ಹನ್ನೊಂದು ವರ್ಷದ ಮಗುವಿಗೆ ಇಷ್ಟು ಸುಲಭವಾಗಿ ಮನಗಾಣಿಸುವ ವಸ್ತು ಇನ್ನೊಂದನ್ನು ನಾನು ಕಂಡಿಲ್ಲ.

ಈ ಹಂತದಲ್ಲಿ ಪ್ರತಿ ಗುಂಪಿಗೂ ಮೂರು ಅಂಕಣಗಳ ಒಂದು ಹಾಳೆ ಕೊಡಿ: ಕಂಡದ್ದು, ಊಹಿಸಿದ್ದು, ಕೇಳಬೇಕಾದದ್ದು. ಮೊದಲ ಅಂಕಣವನ್ನು ತುಂಬುವುದೇ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟವಾಗುತ್ತದೆ, ಏಕೆಂದರೆ ಅವರು ಊಹೆಯನ್ನೇ ಕಂಡದ್ದೆಂದು ಬರೆಯುತ್ತಾರೆ. “ಪವಿತ್ರವಾದ ಮಾಲೆ”, “ತುಂಬ ಹಳೆಯದು”, “ಪ್ರೀತಿಯಿಂದ ಬಳಸಿದ್ದು” ಎಂಬಂತಹ ಮಾತುಗಳು ಮೊದಲ ಅಂಕಣದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಇದಕ್ಕೆ ನಾನು ಬಳಸುವ ಪರೀಕ್ಷೆ ಸರಳ. ಈ ಧರ್ಮದ ವಿಷಯವೇ ಗೊತ್ತಿಲ್ಲದ ಒಬ್ಬರನ್ನು ಕರೆದು, ಬೆರಳು ತೋರಿಸಿ, “ಇಲ್ಲಿ ನೋಡಿ” ಎಂದರೆ ಅವರು ಒಪ್ಪುವರೇ? ಒಪ್ಪುವುದಾದರೆ ಅದು ಕಂಡದ್ದು, ಒಪ್ಪಲು ವಿವರಣೆ ಬೇಕಾದರೆ ಅದು ಊಹೆ. “ಹಳೆಯದು” ಎಂಬುದಕ್ಕೆ ಬೆರಳು ತೋರಿಸಲಾಗುವುದಿಲ್ಲ. “ಕುಚ್ಚಿನ ಹತ್ತಿರ ದಾರ ಕಪ್ಪಾಗಿದೆ, ಮರದ ಮಣಿಗಳು ಹೊಳೆಯುತ್ತವೆ” ಎಂಬುದಕ್ಕೆ ತೋರಿಸಬಹುದು. ಹಳೆಯದು ಎಂಬುದು ಆಗ ಎರಡನೆಯ ಅಂಕಣಕ್ಕೆ ಹೋಗುತ್ತದೆ, ಅದರ ಪಕ್ಕದಲ್ಲಿ ಆಧಾರವೂ ಇರುತ್ತದೆ, ಅಂಗಡಿಯಲ್ಲಿಯೇ ಮೆರುಗು ಕೊಟ್ಟ ಮಣಿಯೂ ಹೊಳೆಯುತ್ತದಲ್ಲವೇ ಎಂಬ ಎದುರು ಪ್ರಶ್ನೆಗೂ ಅವಕಾಶ ಸಿಗುತ್ತದೆ.

ಇನ್ನು ಊಹೆಯ ಭಾಗ. ಮೂರು ಸಮಭಾಗಗಳಿರುವುದನ್ನು ಕಂಡ ಮಕ್ಕಳು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಮೂರು ಬೇರೆ ಬೇರೆ ಮಾತುಗಳನ್ನು ತಲಾ 33 ಬಾರಿ ಹೇಳುತ್ತಿರಬಹುದು ಎಂಬುದು ಒಂದು. 99 ಬೇರೆ ಬೇರೆ ಹೆಸರುಗಳನ್ನೋ ಮಾತುಗಳನ್ನೋ ಒಂದೊಂದು ಬಾರಿ ಹೇಳುತ್ತಿರಬಹುದು ಎಂಬುದು ಇನ್ನೊಂದು. ಯಾವುದು ಸರಿ ಎಂದು ಹೇಳುವ ಆತುರ ಬೇಡ. ಬದಲಿಗೆ ಹೀಗೆ ಕೇಳಿ: “ಮೊದಲನೆಯದು ನಿಜವಾದರೆ ಮಾಲೆಯಲ್ಲಿ ಏನಿರಬೇಕು? ಎರಡನೆಯದು ನಿಜವಾದರೆ ಏನು ಇರಬೇಕಾಗಿಲ್ಲ?” ಮಾತು ಬದಲಾಗುವ ಜಾಗವನ್ನು ಕಣ್ಣುಮುಚ್ಚಿದ್ದರೂ ಬೆರಳಿಗೆ ತಿಳಿಸಲು ಬೇರೆ ಆಕಾರದ ಬಿಲ್ಲೆ ಬೇಕು, ಒಂದೇ ಸಾಲಿನ 99 ಹೆಸರಿಗೆ ಅದರ ಅಗತ್ಯ ಕಡಿಮೆ ಎಂದು ಮಕ್ಕಳೇ ಹೇಳುತ್ತಾರೆ. ಬಿಲ್ಲೆ ಮೊದಲ ಊಹೆಯ ಕಡೆಗೆ ತೂಗುತ್ತದೆ, ಎರಡನೆಯದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಹೀಗೆ ತೂಗಿ ಹೇಳುವುದನ್ನು ಹಾಳೆಯ ಮೇಲೆ ಬರೆಯಿಸಿ.

ಅನಂತರವೇ ಹೊರಗಿನ ಆಧಾರಗಳನ್ನು ಚೀಟಿಗಳ ರೂಪದಲ್ಲಿ ಕೊಡಬೇಕು. ಪ್ರತಿ ನಮಾಜಿನ ನಂತರ “ಸುಬ್ಹಾನಲ್ಲಾಹ್”, “ಅಲ್‌ಹಮ್ದುಲಿಲ್ಲಾಹ್”, “ಅಲ್ಲಾಹು ಅಕ್ಬರ್” ಎಂಬ ಮೂರು ಮಾತುಗಳನ್ನು ತಲಾ 33 ಬಾರಿ ಹೇಳಿ, ನೂರನೆಯದಾಗಿ ಬೇರೊಂದು ವಾಕ್ಯದಿಂದ ಮುಗಿಸುವ ಕ್ರಮ ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿ, ಅಂದರೆ ಪ್ರವಾದಿ ಮುಹಮ್ಮದರ ನಡೆನುಡಿಗಳ ವರದಿಗಳ ಸಂಗ್ರಹದಲ್ಲಿ, ಬರುತ್ತದೆ. ಕೊನೆಯ ಮಾತನ್ನು 34 ಬಾರಿ ಹೇಳಿ ನೂರನ್ನು ತುಂಬಿಸುವ ಕ್ರಮವೂ ಹದೀಸಿನಲ್ಲಿದೆ. ಇದು ಒಂದು ಚೀಟಿ. ಅಲ್ಲಾಹನಿಗೆ 99 ನಾಮಗಳಿವೆ ಎಂಬ ಹದೀಸ್ ಇನ್ನೊಂದು ಚೀಟಿ. ಈಗ ಎರಡೂ ಊಹೆಗಳಿಗೆ ಆಧಾರ ಸಿಕ್ಕಿತು, ಜೊತೆಗೆ ಹೊಸ ಗಂಟೊಂದೂ ಬಿತ್ತು: ನೂರು ಎನ್ನುತ್ತಾರೆ, ಮಾಲೆಯಲ್ಲಿ ನೂರನೆಯ ಮಣಿ ಎಲ್ಲಿ? ಉದ್ದನೆಯ ತುಂಡೇ ನೂರನೆಯದಿರಬಹುದೇ? ಜಾಣ ಗುಂಪೊಂದು ಇಲ್ಲಿಗೆ ತಪ್ಪದೆ ಬರುತ್ತದೆ, ಇದು ಮೂರನೆಯ ಅಂಕಣಕ್ಕೆ ಸೇರಬೇಕಾದ ಉತ್ತಮ ಪ್ರಶ್ನೆ. ಬಳಸುವವರನ್ನು ಕೇಳದೆ ಇದಕ್ಕೆ ಉತ್ತರವಿಲ್ಲ.

ಮೂರನೆಯ ಚೀಟಿಯನ್ನು ನಾನು ಕೊನೆಯವರೆಗೂ ಕೈಯಲ್ಲಿಯೇ ಇಟ್ಟುಕೊಂಡಿರುತ್ತೇನೆ. ಅದರಲ್ಲಿರುವುದು ಇಷ್ಟೇ: ಅನೇಕ ಮುಸ್ಲಿಮರು ಮಾಲೆಯನ್ನು ಬಳಸದೆ ಬೆರಳ ಗೆಣ್ಣುಗಳ ಮೇಲೆಯೇ ಎಣಿಸುತ್ತಾರೆ, ಅದೇ ಉತ್ತಮವೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಅರ್ಧ ಗಂಟೆ ಮಾಲೆಯನ್ನೇ ನೋಡುತ್ತ ಕುಳಿತ ಮಕ್ಕಳು ಇಷ್ಟು ಹೊತ್ತಿಗೆ “ಮುಸ್ಲಿಮರೆಲ್ಲರೂ ಮಾಲೆ ಹಿಡಿದೇ ಪ್ರಾರ್ಥಿಸುತ್ತಾರೆ” ಎಂದು ಮನಸ್ಸಿನಲ್ಲಿಯೇ ತೀರ್ಮಾನಿಸಿರುತ್ತಾರೆ. ವಸ್ತುವನ್ನು ಮುಂದಿಟ್ಟುಕೊಂಡು ಕಲಿಸುವ ವಿಧಾನದ ದೊಡ್ಡ ಮಿತಿ ಇದು: ವಸ್ತು ಇರುವ ಕಡೆ ಮಾತ್ರ ನಮ್ಮ ಕಣ್ಣು ಹೋಗುತ್ತದೆ, ವಸ್ತುವಿಲ್ಲದೆ ನಡೆಯುವ ಆಚರಣೆ ಲೆಕ್ಕಕ್ಕೇ ಬರುವುದಿಲ್ಲ. ಆ ಚೀಟಿ ಓದಿದ ಮೇಲೆ ತಮ್ಮ ಎರಡನೆಯ ಅಂಕಣದಲ್ಲಿ ಯಾವ ವಾಕ್ಯವನ್ನು ತಿದ್ದುತ್ತೀರಿ ಎಂದು ಕೇಳಿ, ತಿದ್ದಿದ್ದನ್ನು ಅಳಿಸದೆ ಗೆರೆ ಎಳೆದು ಪಕ್ಕದಲ್ಲಿ ಬರೆಯುವಂತೆ ಹೇಳಿ.

ಎರಡನೆಯ ಅವಧಿಯಲ್ಲಿ ಹೋಲಿಕೆಗೆ ಹೋಗಬಹುದು. ಕ್ಯಾಥೋಲಿಕ್ ಕ್ರೈಸ್ತರ ಜಪಸರದಲ್ಲಿ, ಅಂದರೆ ರೋಸರಿಯಲ್ಲಿ, ಸಾಮಾನ್ಯವಾಗಿ 59 ಮಣಿಗಳಿರುತ್ತವೆ. ಉಂಗುರದ ಭಾಗದಲ್ಲಿ ಹತ್ತರ ಐದು ಗೊಂಚಲುಗಳು, ಅವುಗಳ ನಡುವೆ ಬಿಡಿಯಾದ ನಾಲ್ಕು ಮಣಿಗಳು, ಕೆಳಗೆ ಇಳಿಬಿದ್ದ ಎಳೆಯಲ್ಲಿ ಐದು ಮಣಿಗಳು, ತುದಿಯಲ್ಲಿ ಶಿಲುಬೆ. ತಸ್ಬೀಹ್ ನೋಡಿ ಪಳಗಿದ ಮಕ್ಕಳು “ಬಿಡಿ ಮಣಿಯಲ್ಲಿ ಪ್ರಾರ್ಥನೆ ಬದಲಾಗುತ್ತದೆ” ಎಂದು ತಾವಾಗಿಯೇ ಊಹಿಸುತ್ತಾರೆ, ಅದು ಸರಿಯೂ ಹೌದು: ಗೊಂಚಲಿನ ಪ್ರತಿ ಮಣಿಗೂ ಮರಿಯಮ್ಮನವರ ಪ್ರಾರ್ಥನೆ, ಬಿಡಿ ಮಣಿಗೆ ಕ್ರಿಸ್ತರು ಕಲಿಸಿದ ಪ್ರಾರ್ಥನೆ. ಒಂದು ವಸ್ತುವಿನಿಂದ ಕಲಿತ ಊಹೆ ಇನ್ನೊಂದರಲ್ಲಿ ಕೆಲಸಕ್ಕೆ ಬಂದ ಸಂತೋಷ ಅವರಿಗೆ ಸಿಗಲಿ.

ಆದರೆ ಆ ಸಂತೋಷ ಹೆಚ್ಚು ಹೊತ್ತು ಉಳಿಯಬಾರದು. ಆಂಗ್ಲಿಕನ್ ಜಪಮಾಲೆಯ ಚಿತ್ರವೊಂದನ್ನು ತೋರಿಸಿ. 1980ರ ದಶಕದಲ್ಲಿ ಅಮೆರಿಕದ ಎಪಿಸ್ಕೋಪಲ್ ಚರ್ಚಿನವರ ನಡುವೆ ರೂಪುಗೊಂಡ ಈ ಮಾಲೆಯಲ್ಲಿ ಏಳೇಳು ಮಣಿಗಳ ನಾಲ್ಕು ಗೊಂಚಲು, ನಾಲ್ಕು ದೊಡ್ಡ ಮಣಿ, ಆರಂಭದ ಒಂದು ಮಣಿ, ಒಟ್ಟು 33. ತಸ್ಬೀಹ್‌ಗಳಲ್ಲಿಯೂ ಚಿಕ್ಕವು 33 ಮಣಿಗಳವೇ, ಮೂರು ಸುತ್ತು ಬಂದರೆ 99 ಆಗುತ್ತದೆ. ಸಂಖ್ಯೆ ಒಂದೇ ಆದ್ದರಿಂದ ಒಂದರಿಂದ ಇನ್ನೊಂದು ಬಂದಿರಬೇಕು ಎಂದು ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಬಳಸುವವರು ಕೊಡುವ ವಿವರಣೆ ಬೇರೆ: ಅವರಿಗೆ 33 ಎಂಬುದು ಯೇಸು ಈ ಲೋಕದಲ್ಲಿ ಬದುಕಿದರೆಂದು ಸಂಪ್ರದಾಯ ಹೇಳುವ ವರ್ಷಗಳ ಸಂಖ್ಯೆ. ಎರಡು ಮಾಲೆಗಳ ಮೊತ್ತ ಒಂದೇ ಆಗಿದ್ದರೂ ಒಳಗಿನ ವಿಭಜನೆ ಬೇರೆ ಎಂಬುದನ್ನು ಮಕ್ಕಳು ಆಗ ಮತ್ತೆ ಹೋಗಿ ನೋಡುತ್ತಾರೆ. ಮೊತ್ತಕ್ಕಿಂತ ರಚನೆ ಹೆಚ್ಚು ಹೇಳುತ್ತದೆ ಎಂಬ ಪಾಠವನ್ನು ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ.

108 ಮಣಿಗಳ ಜಪಮಾಲೆಯನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅದು ತನ್ನ ಬಗ್ಗೆ ಬಹಳ ಕಡಿಮೆ ಹೇಳುತ್ತದೆ. ಮೇರು ಮಣಿಯೊಂದನ್ನು ಬಿಟ್ಟರೆ ಸಾಮಾನ್ಯವಾಗಿ ವಿಭಜನೆ ಇಲ್ಲ. ಮೇರುವನ್ನು ದಾಟದೆ, ಅಲ್ಲಿಗೆ ಬಂದಾಗ ಮಾಲೆಯನ್ನು ತಿರುಗಿಸಿ ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗುವ ಹಿಂದೂ ಜಪದ ಪದ್ಧತಿಯನ್ನು ಎಷ್ಟು ಹೊತ್ತು ನೋಡಿದರೂ ಮಾಲೆ ಹೇಳುವುದಿಲ್ಲ, ಮಾಲೆ ಹಿಡಿದ ಕೈಯೇ ಹೇಳಬೇಕು. ಇನ್ನು 108 ಏಕೆ ಎಂದು ಕೇಳಿದರೆ 27 ನಕ್ಷತ್ರಗಳ ತಲಾ ನಾಲ್ಕು ಪಾದಗಳನ್ನು ಕೆಲವರು ತೋರಿಸುತ್ತಾರೆ. ಜೈನರು ಪಂಚಪರಮೇಷ್ಠಿಗಳ ಗುಣಗಳನ್ನು ಲೆಕ್ಕ ಹಾಕುತ್ತಾರೆ: ಅರಿಹಂತರ 12, ಸಿದ್ಧರ 8, ಆಚಾರ್ಯರ 36, ಉಪಾಧ್ಯಾಯರ 25, ಸಾಧುಗಳ 27. ಬೌದ್ಧರಲ್ಲಿ ಮನಸ್ಸಿನ 108 ಕ್ಲೇಶಗಳ ಮಾತು ಬರುತ್ತದೆ. ಇಲ್ಲಿ ಮಕ್ಕಳು ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡಲು ಕಲಿಯಬೇಕು. “ಈ ಸಂಖ್ಯೆಗೆ ಬಳಸುವವರು ಯಾವ ಅರ್ಥ ಕೊಡುತ್ತಾರೆ?” ಎಂಬುದಕ್ಕೆ ಈ ವಿವರಣೆಗಳು ಉತ್ತರ, ಅವುಗಳಲ್ಲಿ ಒಂದು ಸರಿಯಾಗಿ ಇನ್ನೊಂದು ತಪ್ಪಾಗಬೇಕಾಗಿಲ್ಲ. “ಈ ಸಂಖ್ಯೆ ಮೊದಲಿಗೆ ಹೇಗೆ ಬಂತು?” ಎಂಬುದು ಇತಿಹಾಸದ ಪ್ರಶ್ನೆ, ಅದಕ್ಕೆ ಈ ವಿವರಣೆಗಳನ್ನೇ ಪುರಾವೆ ಎನ್ನಲಾಗದು.

ನಿಮ್ಮ ತರಗತಿಯಲ್ಲಿ ಆ ಧರ್ಮದ ಮಕ್ಕಳೇ ಇದ್ದರೆ ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೆ ಮೊದಲ ದಿನವೇ ಇದು ಎದುರಾಗುತ್ತದೆ. ಆ ಮಗುವನ್ನು ಎಬ್ಬಿಸಿ ನಿಲ್ಲಿಸಿ “ನೀನೇ ಹೇಳಪ್ಪ, ನಿಮ್ಮಲ್ಲಿ ಹೇಗೆ?” ಎಂದು ಕೇಳುವುದು ತಪ್ಪು. ಮಗು ತನ್ನ ಮನೆಯನ್ನು ಬಲ್ಲದು, ಇಡೀ ಧರ್ಮದ ವಕ್ತಾರನಲ್ಲ. ಅದಾಗಿಯೇ ಹೇಳಲು ಬಯಸಿದರೆ ಆ ಮಾತನ್ನು “ಒಂದು ಮನೆಯಲ್ಲಿ ಕಂಡದ್ದು” ಎಂದು ಬೇರೆ ಬಣ್ಣದಲ್ಲಿ ಬರೆದುಕೊಳ್ಳಿ. ಅದೂ ಆಧಾರವೇ, ಅದರ ವ್ಯಾಪ್ತಿ ಮಾತ್ರ ಚಿಕ್ಕದು. ಹಾಗೆಯೇ, ಮಾಲೆಯನ್ನು ಹೇಗೆ ಹಿಡಿಯುತ್ತಾರೆ ಎಂದು ನೋಡುವುದು ಬೇರೆ, ಮಕ್ಕಳ ಕೈಯಲ್ಲಿ ಅದೇ ಮಾತುಗಳನ್ನು ಹೇಳಿಸಿ ಜಪ ಮಾಡಿಸುವುದು ಬೇರೆ. ಎರಡನೆಯದು ಪಾಠವಾಗುವುದಿಲ್ಲ, ಕೆಲವು ಮಕ್ಕಳಿಗೆ ಅದು ಅಣಕವಾಗಿಯೂ ಇನ್ನು ಕೆಲವರಿಗೆ ಒತ್ತಾಯವಾಗಿಯೂ ತೋರುತ್ತದೆ.

ದೀಪದ ವಿಷಯದಲ್ಲಿ ಒಂದೇ ಉದಾಹರಣೆ ಕೊಡುತ್ತೇನೆ. ಯೆಹೂದ್ಯರ ಹನುಕ್ಕಾ ಹಬ್ಬದ ದೀಪಸ್ತಂಭದಲ್ಲಿ ಒಂಬತ್ತು ಮೇಣದಬತ್ತಿಗಳಿಗೆ ಜಾಗವಿರುತ್ತದೆ, ಅವುಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ಎತ್ತರದಲ್ಲಿಯೋ ಪಕ್ಕಕ್ಕೆ ಸರಿದೋ ಇರುತ್ತದೆ. ಅದರ ಜೊತೆಗೆ ಆ ಹಬ್ಬಕ್ಕೆಂದೇ ಮಾರುವ ಬತ್ತಿಗಳ ಪೆಟ್ಟಿಗೆಯೊಂದನ್ನು ಇಡಿ, ಅದರಲ್ಲಿ ಸಾಮಾನ್ಯವಾಗಿ 44 ಬತ್ತಿಗಳಿರುತ್ತವೆ. ಹೇಳಬೇಕಾದ ಸುಳಿವು ಒಂದೇ: ಈ ಪೆಟ್ಟಿಗೆ ಒಂದು ಹಬ್ಬಕ್ಕೆ ಸರಿಯಾಗಿ ಸಾಕಾಗುತ್ತದೆ. ಮಕ್ಕಳು 44ನ್ನು 9ರಿಂದ ಭಾಗಿಸಿ ಸೋಲುತ್ತಾರೆ. ಎತ್ತರದ ಬತ್ತಿ ಬೇರೆಯ ಕೆಲಸದ್ದು ಎಂದು ಹೊಳೆದವರು ಉಳಿದ ಎಂಟರ ಮೇಲೆ ಕಣ್ಣಿಡುತ್ತಾರೆ, ಯಾರೋ ಒಬ್ಬರು ಒಂದರಿಂದ ಎಂಟರವರೆಗೆ ಕೂಡಿ 36 ಎನ್ನುತ್ತಾರೆ, ಎಂಟು ರಾತ್ರಿಗೂ ಹಚ್ಚುವ ಬತ್ತಿ ಒಂದೊಂದು ಹೊಸದಾಗಿ ಬೇಕು ಎಂದು ಇನ್ನೊಬ್ಬರು 8 ಸೇರಿಸುತ್ತಾರೆ. ಮೊದಲ ರಾತ್ರಿ ಒಂದು, ಎರಡನೆಯ ರಾತ್ರಿ ಎರಡು ಎಂದು ಏರುತ್ತ ಹೋಗುವ ಆಚರಣೆಯನ್ನು ಪೆಟ್ಟಿಗೆಯ ಲೆಕ್ಕದಿಂದಲೇ ಕಂಡುಕೊಂಡಂತಾಯಿತು. ಎಂಟು ರಾತ್ರಿ ಏಕೆ ಎಂಬುದನ್ನು ಮಾತ್ರ ಬತ್ತಿಗಳು ಹೇಳಲಾರವು, ಅದಕ್ಕೆ ಕಥೆ ಬೇಕು. ಒಂದು ಎಚ್ಚರಿಕೆ: ಏಳು ಕವಲುಗಳ ದೀಪಸ್ತಂಭ ಬೇರೆ. ಅದು ಜೆರುಸಲೇಮಿನ ದೇವಾಲಯದಲ್ಲಿದ್ದುದು, ರೋಮ್ ನಗರದ ಟೈಟಸ್ ಕಮಾನಿನ ಕೆತ್ತನೆಯಲ್ಲಿ ಅದನ್ನು ಕಾಣಬಹುದು. ಅಂಗಡಿಗಳಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ, ತರುವ ಮೊದಲು ಕವಲುಗಳನ್ನು ಎಣಿಸಿ.

ಸುರುಳಿಗೆ ಯೆಹೂದ್ಯರ ಪವಿತ್ರ ಗ್ರಂಥವಾದ ತೋರಾದ ದೊಡ್ಡ ಸುರುಳಿಗಿಂತ ಅವರದೇ ಮೆಜೂಜಾ ಹೆಚ್ಚು ಅನುಕೂಲ. ಬಾಗಿಲ ಚೌಕಟ್ಟಿಗೆ ಹೊಡೆಯುವ ಚಿಕ್ಕ ಕರಂಡಕವೊಂದರೊಳಗೆ ಸುತ್ತಿಟ್ಟ ತೊಗಲಿನ ಹಾಳೆ, ಅದರ ಮೇಲೆ ಹೀಬ್ರೂ ಭಾಷೆಯಲ್ಲಿ 22 ಸಾಲುಗಳು. ಮಕ್ಕಳಿಗೆ ಮೊದಲು ಹೊರಗಿನ ಕರಂಡಕ, ಅದರ ಎರಡು ತೂತುಗಳು ಮತ್ತು ಒಳಗಿನ ಸುರುಳಿ ಇಷ್ಟನ್ನೇ ಕೊಟ್ಟು ಇದು ಎಲ್ಲಿ ಇರಬೇಕಾದ ವಸ್ತು ಎಂದು ಊಹಿಸಲು ಹೇಳಿ. ಮೊಳೆ ಹೊಡೆಯುವ ತೂತು ಇದೆ, ಆದ್ದರಿಂದ ಗೋಡೆಗೆ ಎನ್ನುತ್ತಾರೆ. ಬಾಗಿಲಿಗೇ ಎಂದು ಹೇಳಲು ಆಧಾರ ಸಾಲದು. ಅನಂತರ ಬರಹದ ಕನ್ನಡ ಅನುವಾದ ಕೊಡಿ. ತೋರಾದ ಭಾಗವಾದ ಧರ್ಮೋಪದೇಶಕಾಂಡದ 6ನೇ ಅಧ್ಯಾಯದ 4ರಿಂದ 9ನೇ ವಚನಗಳು ಮತ್ತು 11ನೇ ಅಧ್ಯಾಯದ 13ರಿಂದ 21ನೇ ವಚನಗಳು ಅದರಲ್ಲಿವೆ. ಈ ಮಾತುಗಳನ್ನು ಮನೆಯ ಬಾಗಿಲ ನಿಲುವುಗಳ ಮೇಲೆ ಬರೆಯಬೇಕೆಂಬ ಆಜ್ಞೆ ಆ ಮಾತುಗಳಲ್ಲಿಯೇ ಇದೆ. ತಾನು ಎಲ್ಲಿರಬೇಕೆಂದು ತಾನೇ ಹೇಳುವ ವಸ್ತು ಅಪರೂಪ. ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: ಮುಚ್ಚಿದ ಕರಂಡಕದೊಳಗೆ ಇರುವುದನ್ನು ಯಾರೂ ಓದುವುದಿಲ್ಲವಲ್ಲ, ಹಾಗಾದರೆ ಬರೆದದ್ದು ಯಾರಿಗಾಗಿ? ಆ ಪ್ರಶ್ನೆಗೆ ಉತ್ತರಿಸಬೇಡಿ, ಯೆಹೂದ್ಯ ಸಂಪ್ರದಾಯವನ್ನು ಬಲ್ಲವರಿಗೆ ಬರೆಯುವ ಪತ್ರದ ಮೊದಲ ಸಾಲಾಗಿ ಅದನ್ನು ಇಟ್ಟುಕೊಳ್ಳಿ.

ತರಗತಿಯಲ್ಲಿ ಕೈಯಿಂದ ಕೈಗೆ ಹೋಗುವ ಸುರುಳಿ ಮುದ್ರಿತ ಪ್ರತಿಯೇ ಆಗಿರಲಿ. ಲಿಪಿಕಾರರು ಕೈಯಿಂದ ಬರೆದ ಸುರುಳಿ ಪವಿತ್ರ ವಸ್ತು. ತೋರಾ ಸುರುಳಿಯನ್ನಂತೂ ಓದುವವರೇ ಬರಿಗೈಯಿಂದ ಮುಟ್ಟುವುದಿಲ್ಲ, ಯಾದ್ ಎಂಬ ಕೈಯಾಕಾರದ ಕಡ್ಡಿಯಿಂದ ಸಾಲು ಹಿಡಿಯುತ್ತಾರೆ. ಆದರೆ ಪ್ರತಿ ಎಂಬುದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಕಾಗದದ ಪ್ರತಿಯನ್ನು ಹಿಡಿದು “ತುಂಬ ಹಗುರವಾಗಿದೆ, ಅಕ್ಷರಗಳು ಅಚ್ಚುಕಟ್ಟಾಗಿ ಒಂದೇ ತೆರನಾಗಿವೆ” ಎಂದು ಮೊದಲ ಅಂಕಣದಲ್ಲಿ ಬರೆದ ಮಗು ಕಂಡದ್ದನ್ನೇ ಬರೆದಿದೆ, ಆದರೆ ಅದು ಕಂಡದ್ದು ಅಚ್ಚುಯಂತ್ರವನ್ನು. ಹಾಳೆಯ ತಲೆಯಲ್ಲಿ “ನಾವು ನೋಡುತ್ತಿರುವುದು ಮೂಲವೋ ಪ್ರತಿಯೋ?” ಎಂಬ ಸಾಲನ್ನು ನಾನು ಸೇರಿಸಿದ್ದು ಅಂತಹದೊಂದು ಬರಹವನ್ನು ಓದಿದ ಮೇಲೆಯೇ.